ಒಂದೇ ದಂಡೆಯ ಲೆಕ್ಕ

ಸುರಪುರದ ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪಂಚಶೀಲಾಳ ಪ್ರೋಗ್ರಾಂ ಮತ್ತೆ ಕೈಕೊಟ್ಟಿತು. ಕಾಲುವೆ ಏರಿಯೊಳಗೆ ಎಲ್ಲೆಲ್ಲಿ ನೀರಿನ ಮಟ್ಟ ಎಷ್ಟಿದೆ ಎಂದು ಹೇಳಬೇಕಾದ ಲೆಕ್ಕವದು. ಏರಿ ಎರಡಾಳು ಎತ್ತರವೂ ಇರಲಿಲ್ಲ. ಪರದೆಯ ಮೇಲಿನ ಅಂಕಿಗಳನ್ನು ನಂಬಿದರೆ ಒಂದು ಬಿಂದುವಿನಲ್ಲಿ ನೀರು ಮೋಡ ಮುಟ್ಟಿತ್ತು, ಅದರ ಪಕ್ಕದ ಬಿಂದುವಿನಲ್ಲಿ ಪಾತಾಳಕ್ಕೆ ಇಳಿದಿತ್ತು. ಎಲ್ಲೋ ಒಂದು ಚಿಹ್ನೆ ತಪ್ಪಿರಬೇಕೆಂದು ಅವಳು ಪ್ರೋಗ್ರಾಮಿನ ಸಾಲು ಸಾಲನ್ನೂ ಮತ್ತೆ ಓದಿದಳು. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ನಿರಾಳವಾಗುತ್ತಿತ್ತು.

ಅವಳು ಆ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಪಿಎಚ್‌ಡಿ ಇಲ್ಲದವರ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲಿ ಇರುವುದಿಲ್ಲವೆಂದು ಪ್ರಿನ್ಸಿಪಾಲರು ಮೊದಲೇ ತಿಳಿಸಿದ್ದರು. ಪಿಎಚ್‌ಡಿಯ ಬದಲಿಗೆ ಸಾಕಾಗುವ ಅರ್ಹತಾ ಪರೀಕ್ಷೆಯಲ್ಲಿ ಅವಳು ಎರಡು ಸಲ ಅಂಚಿನಲ್ಲಿ ತಪ್ಪಿದ್ದಳು. ಪ್ರಬಂಧ ಸಲ್ಲಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಅವಧಿ ಈ ತಿಂಗಳಿಗೆ ಮುಗಿಯುತ್ತಿತ್ತು. ಮನೆಯಲ್ಲಿ ಅವ್ವ ದೇವಕಮ್ಮ, ಮಗಳು ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುವುದನ್ನು ನೋಡಿ, ಆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕುತ್ತಿದ್ದಳು.

ಪ್ರಬಂಧದ ವಿಷಯ ಕಕ್ಕೇರಾ ಕಡೆಯ ಒಂದು ಉಪಕಾಲುವೆಯ ಮಣ್ಣಿನ ಏರಿ. ಕಾಲುವೆಯ ನೀರು ಏರಿಯೊಳಗೆ ಜಿನುಗಿ ಆಚೆ ಬುಡದಲ್ಲಿ ಹೊರಬರುತ್ತಿತ್ತು. ಅಲ್ಲಿ ಕೂಲಿ ಮಾಡುವವರ ಹತ್ತಾರು ಮನೆಗಳಿದ್ದವು. ಕಾಲುವೆ ಕಡೆಯ ಇಳಿಜಾರಿನಲ್ಲಿ ಅಳತೆ ಕೊಳವೆಗಳಿದ್ದವು. ಆ ಬದಿಯಲ್ಲಿ ನೀರಿನ ಮಟ್ಟ ಎಷ್ಟು, ಒಳಗೆ ಹೋದಂತೆ ಅದು ಎಷ್ಟು ಬೇಗ ಇಳಿಯುತ್ತದೆ ಎಂಬ ಎರಡನ್ನೂ ಅವು ತಿಳಿಸುತ್ತಿದ್ದವು. ಆ ಎರಡನ್ನು ಹಿಡಿದು ಪಂಚಶೀಲಾ ಒಂದೊಂದೇ ಹೆಜ್ಜೆ ಒಳಗೆ ಲೆಕ್ಕ ಮಾಡುತ್ತ ಆಚೆ ಬುಡ ಮುಟ್ಟುತ್ತಿದ್ದಳು. ಏರಿಯನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿದಾಗ ಚಂದದ ಚಿತ್ರ ಬಂದಿತ್ತು. ಬುಡದಲ್ಲಿ ನೀರಿನ ಒತ್ತಡ ಕಡಿಮೆ, ಏರಿಗೆ ಅಪಾಯವಿಲ್ಲ ಎಂದು ಅದು ಹೇಳಿತ್ತು, ಅದರ ಮೇಲೆ ಒಂದು ಲೇಖನವೂ ಅಚ್ಚಾಗಿತ್ತು. ಆದರೆ ಸೆಮಿನಾರಿನಲ್ಲಿ ಹೊರಗಿನ ಪರೀಕ್ಷಕರೊಬ್ಬರು ಚೌಕಗಳನ್ನು ಚಿಕ್ಕದು ಮಾಡಿ ತೋರಿಸಿ ಎಂದರು. ಚಿಕ್ಕದು ಮಾಡಿದಷ್ಟೂ ಲೆಕ್ಕ ಹದಗೆಡುತ್ತಿತ್ತು. ಚಿಕ್ಕ ಚೌಕ ಉತ್ತರವನ್ನು ತಿದ್ದಬೇಕು, ಕೆಡಿಸಬಾರದು. ಎರಡು ವರ್ಷದಿಂದ ಅವಳು ಈ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಗಂಟೆ ಹೊಡೆಯಿತು. ಕೊನೆಯ ವರ್ಷದ ಬಿಎಸ್‌ಸಿ ತರಗತಿ. ಆಂಶಿಕ ಅವಕಲ ಸಮೀಕರಣಗಳ ವರ್ಗೀಕರಣ ಅಂದಿನ ಪಾಠ. ಪ್ರತಿ ವರ್ಷ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಅವಳು ಹೋಗಿ ಬೋರ್ಡಿನ ಮೇಲೆ ಎರಡನೇ ದರ್ಜೆಯ ರೇಖೀಯ ಸಮೀಕರಣದ ಸಾಮಾನ್ಯ ರೂಪ ಬರೆದಳು:

A uₓₓ + B uₓᵧ + C uᵧᵧ + ಕೆಳಗಿನ ದರ್ಜೆಯ ಪದಗಳು = 0

ಬಗೆ ಗುರುತಿಸಲು ಮೊದಲ ಮೂರು ಪದಗಳಷ್ಟೇ ಸಾಕು, ಉಳಿದವನ್ನು ನೋಡಬೇಕಿಲ್ಲ ಎಂದಳು. B² − 4AC ಸೊನ್ನೆಗಿಂತ ಕಡಿಮೆ ಬಂದರೆ ಎಲಿಪ್ಟಿಕ್, ಸರಿಯಾಗಿ ಸೊನ್ನೆಯಾದರೆ ಪ್ಯಾರಾಬೋಲಿಕ್, ಹೆಚ್ಚಾದರೆ ಹೈಪರ್ಬೋಲಿಕ್. ಆಮೇಲೆ ಉದಾಹರಣೆಗಳು. ಬಿಗಿದ ತಂತಿಯ ಕಂಪನ: c²uₓₓ − uₜₜ = 0. ಇಲ್ಲಿ y ಜಾಗದಲ್ಲಿ ಕಾಲ t. A ಅಂದರೆ c², B ಸೊನ್ನೆ, C ಅಂದರೆ −1, ಹಾಗಾಗಿ 4c² ಉಳಿಯುತ್ತದೆ, ಹೈಪರ್ಬೋಲಿಕ್. ಕಾದ ಸರಳಿನಲ್ಲಿ ಶಾಖ ಹರಡುವುದು: k uₓₓ − uₜ = 0. ಕಾಲದ ಎರಡನೇ ಅವಕಲವೇ ಇಲ್ಲ, B ಸೊನ್ನೆ, C ಸೊನ್ನೆ, ಪ್ಯಾರಾಬೋಲಿಕ್. ಇನ್ನು ಲಾಪ್ಲಾಸ್ ಸಮೀಕರಣ: uₓₓ + uᵧᵧ = 0. A, C ಎರಡೂ ಒಂದು, −4 ಬರುತ್ತದೆ, ಎಲಿಪ್ಟಿಕ್.

ಎರಡನೇ ಬೆಂಚಿನಿಂದ ರಾಧಿಕಾ ಎದ್ದು ನಿಂತಳು. ಶಹಾಪುರದಿಂದ ದಿನಾ ಬಸ್ಸಿಗೆ ಬರುವವಳು, ಸುಮ್ಮನೆ ಬರೆದುಕೊಳ್ಳುವ ಜಾತಿಯವಳಲ್ಲ.

“ಮೇಡಂ, ಹೆಸರು ಗೊತ್ತಾತು ಅಂದ್ರ ಮುಂದ ಏನ್ ಮಾಡಾದ್ರಿ? ಬರೇ ಮಾರ್ಕ್ಸಿಗೇನ್ರಿ?”

ಪಂಚಶೀಲಾ ಉತ್ತರ ಕೊಟ್ಟಳು. ಅದೂ ಬಾಯಿಪಾಠವೇ. ಹೆಸರು ಗೊತ್ತಾದರೆ ಸಮೀಕರಣಕ್ಕೆ ಯಾವ ಮಾಹಿತಿ ಕೊಡಬೇಕು ಅನ್ನುವುದು ಗೊತ್ತಾಗುತ್ತದೆ. ತಂತಿಗೆ ಆರಂಭದ ಆಕಾರ, ಆರಂಭದ ವೇಗ ಎರಡನ್ನೂ ಕೊಟ್ಟು, ತುದಿಗಳನ್ನು ಹೇಗೆ ಕಟ್ಟಿದೆ ಎಂದು ಹೇಳಬೇಕು. ಅಲ್ಲಿಂದ ಮುಂದೆ ಮುಂದೆ ಲೆಕ್ಕ ನಡೆಸಬಹುದು. ಶಾಖಕ್ಕೆ ಆರಂಭದ ಉಷ್ಣತೆ ಒಂದು ಸಾಕು, ಜೊತೆಗೆ ಎರಡು ತುದಿಗಳ ಸ್ಥಿತಿ. ಎಲಿಪ್ಟಿಕ್ ಸಮೀಕರಣಕ್ಕೆ ಆರಂಭ ಅಂತ ಯಾವುದೂ ಇಲ್ಲ. ಅದಕ್ಕೆ ಸುತ್ತಲಿನ ಎಲ್ಲ ಬದಿಯಲ್ಲೂ ಒಂದೊಂದು ಮಾಹಿತಿ ಬೇಕು. ಒಂದೇ ಬದಿಯಲ್ಲಿ ಎರಡು ಕೊಟ್ಟು ಒಳಗೆ ನಡೆಸಿದರೆ, ಸಾಸಿವೆಯಷ್ಟು ತಪ್ಪೂ…

ಅವಳು ಅಲ್ಲಿಗೇ ನಿಂತಳು. ಸೀಮೆಸುಣ್ಣ ಬೋರ್ಡಿನ ಮೇಲೆಯೇ ಇತ್ತು. ಏರಿಯೊಳಗಿನ ನೀರಿನ ಮಟ್ಟಕ್ಕೂ ಇದೇ ಲಾಪ್ಲಾಸ್ ಸಮೀಕರಣ. ಅವಳು ಕೊಟ್ಟಿದ್ದು ಕಾಲುವೆ ಕಡೆಯ ಒಂದೇ ಬದಿ, ಅಲ್ಲಿ ಎರಡು ಮಾಹಿತಿ. ಎಲಿಪ್ಟಿಕ್ ಸಮೀಕರಣವನ್ನು ಅವಳು ತಂತಿಯಂತೆ ನಡೆಸಿದ್ದಳು. ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿಯೂ ಇರಲಿಲ್ಲ. ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಉಳಿದ ಪಾಠವನ್ನು ಹೇಗೆ ಮುಗಿಸಿದಳೋ ಅವಳಿಗೇ ನೆನಪಿಲ್ಲ.

ಲ್ಯಾಬಿಗೆ ಹೋಗಿ ಖಾತ್ರಿ ಮಾಡಿಕೊಂಡಳು. ಉತ್ತರ ಮೊದಲೇ ಗೊತ್ತಿರುವ x² − y² ತೆಗೆದುಕೊಂಡು ಅದರ ಒಂದು ಬದಿಯ ಮಾಹಿತಿ ಕೊಟ್ಟಳು. ಲೆಕ್ಕ ತಪ್ಪದೆ ನಡೆಯಿತು. ನಂತರ ಒಂದು ಬಿಂದುವಿಗೆ ಕೂದಲೆಳೆಯಷ್ಟು ಹೆಚ್ಚು, ಪಕ್ಕದ್ದಕ್ಕೆ ಕೂದಲೆಳೆಯಷ್ಟು ಕಡಿಮೆ, ಹೀಗೆ ತಪ್ಪು ಬೆರೆಸಿದಳು. ಒಂದೊಂದು ಹೆಜ್ಜೆಗೂ ಆ ತಪ್ಪು ಹೆಚ್ಚುಕಡಿಮೆ ಆರು ಪಟ್ಟು ಬೆಳೆಯುತ್ತ ಹೋಗಿ ನಿಜವಾದ ಉತ್ತರವನ್ನು ನುಂಗಿಬಿಟ್ಟಿತು. ಕೊಳವೆಯ ಅಳತೆಯಲ್ಲಿ ಇಷ್ಟು ತಪ್ಪು ಇದ್ದೇ ಇರುತ್ತದೆ. ದೊಡ್ಡ ಚೌಕಗಳಿದ್ದಾಗ ಹೆಜ್ಜೆಗಳು ಕಡಿಮೆ, ತಪ್ಪಿಗೆ ಬೆಳೆಯಲು ಜಾಗವಿರಲಿಲ್ಲ. ಅಷ್ಟಕ್ಕೇ ಚಿತ್ರ ಚಂದ ಕಂಡಿತ್ತು. ಆ ಚಂದದ ಚಿತ್ರ ನಂಬಿ ಬುಡದ ಒತ್ತಡ ಕಡಿಮೆ ಎಂದು ಬರೆದಾಗಿತ್ತು.

ಅವಳು ಅಲ್ಲೇ ಕುರ್ಚಿಯಲ್ಲಿ ಕುಳಿತು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ವರ್ಷಾನುಗಟ್ಟಲೆ ಹುಡುಗರಿಗೆ ಹೇಳಿದ ಪಾಠ ತನಗೇ ತಟ್ಟಿರಲಿಲ್ಲವಲ್ಲ ಎಂಬ ನಾಚಿಕೆಗಿಂತ, ತಿಂಗಳು ಮುಗಿಯುವುದರೊಳಗೆ ಕೈಯಲ್ಲಿ ಏನೂ ಇಲ್ಲವೆಂಬ ದಿಗಿಲೇ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಶಹಾಪುರದಲ್ಲಿ ಬಸ್ಸು ಬದಲಿಸಿ ಯಾದಗಿರಿಗೆ ಹೋದಳು. ಅವಳ ಮಾರ್ಗದರ್ಶಕ ವಿಶ್ವರಾಧ್ಯ ಅಲ್ಲಿನ ಒಂದು ಕಾಲೇಜಿನ ಗಣಿತ ಪ್ರಾಧ್ಯಾಪಕರು, ನಿವೃತ್ತಿಗೆ ಹತ್ತಿರವಾದವರು. ಅವಳು ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಒಂದೇ ಮಾತಿಗೆ ಅರ್ಥವಾಗಿತ್ತು. ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ದೊಡ್ಡ ಚೌಕದ ಚಿತ್ರವನ್ನೇ ಇಟ್ಟು ಸಲ್ಲಿಸು, ಹೆಚ್ಚಿನ ಸೂಕ್ಷ್ಮತೆ ಮುಂದಿನ ಕೆಲಸವೆಂದು ಕೊನೆಯಲ್ಲಿ ಒಂದು ಸಾಲು ಬರೆ, ಪರೀಕ್ಷಕರು ಕೂತು ಲೆಕ್ಕ ಮಾಡುವುದಿಲ್ಲ ಎಂದರು.

“ಸರ್, ಆ ಚಿತ್ರ ನೋಡೇ ನೀರಾವರಿಯವ್ರು ಏರಿಗಿ ಏನೂ ಮಾಡಾದು ಬ್ಯಾಡ ಅಂತ ಬಿಟ್ಟಾರ್ರಿ. ಕೆಳಗ ಮನಿಗೋಳವ.”

“ನನಗ ಗೊತ್ತದವಾ. ನಿನ್ನ ಅವಧಿ ಮುಗದ್ರ ನಾ ಏನೂ ಮಾಡಾಕ ಆಗಾಂಗಿಲ್ಲ, ಅದೂ ಗೊತ್ತದ. ಯಾವ್ದು ಬೇಕು ನೀನೇ ಹೇಳು.”

ಅವಳು ನಮಸ್ಕಾರ ಮಾಡಿ ಹೊರಬಂದಳು. ಬಸ್ ನಿಲ್ದಾಣದಲ್ಲಿ ಸುರಪುರದ ಬಸ್ಸು ಬಂತು, ಅವಳು ಹತ್ತಲಿಲ್ಲ. ಮುಂದಿನದಕ್ಕೆ ಹತ್ತಿ, ಸುರಪುರದವರೆಗಿನ ಟಿಕೆಟ್ ಕೈಯಲ್ಲಿದ್ದರೂ ಭೀಮರಾಯನಗುಡಿಯಲ್ಲಿ ಇಳಿದುಬಿಟ್ಟಳು. ಆ ಏರಿಯ ಉಸ್ತುವಾರಿಯ ಸಹಾಯಕ ಇಂಜಿನಿಯರ್ ಅಜೀಮನ ಕಚೇರಿ ಅಲ್ಲಿತ್ತು.

ಅಜೀಮ ಅವಳಿಗಿಂತ ಒಂದೆರಡು ವರ್ಷ ಚಿಕ್ಕವನು, ಕೊಳವೆಗಳ ಅಳತೆಯನ್ನು ಇಷ್ಟು ದಿನ ಅವನೇ ಕಳಿಸುತ್ತಿದ್ದ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ಏರಿಯ ಎಲ್ಲ ಬದಿಯ ಮಾಹಿತಿ ಬೇಕು. ತಳದಲ್ಲಿ ಗಟ್ಟಿ ಬಂಡೆ ಇರುವುದರಿಂದ ನೀರು ಅದನ್ನು ದಾಟುವುದಿಲ್ಲ, ಆ ಬದಿಗೆ ಅದೇ ಸಾಕು. ಕಾಲುವೆ ಕಡೆ ಮಟ್ಟವಷ್ಟೇ ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡಬೇಕು. ಒಳಗಿನ ನೀರಿನ ಮೇಲ್ಮೈಗೆ ಏರಿಯ ನೆತ್ತಿಯಲ್ಲಿರುವ ಕೊಳವೆಗಳ ಅಳತೆ ಬೇಕು. ಮತ್ತೆ ಆಚೆ ಬುಡ. ಬುಡದ ಕೊಳವೆಗಳು ಹೂಳು ತುಂಬಿ ಮುಚ್ಚಿಹೋಗಿ ವರ್ಷಗಳೇ ಆಗಿದ್ದವು. ಅವನು ಮೊದಲು ಆಗುವುದಿಲ್ಲವೆಂದ. ಆಮೇಲೆ ಜೀಪು ತರುತ್ತೇನೆ ಎಂದ.

ಆ ವಾರವೆಲ್ಲ ಅವಳು ಪಾಠ ಮುಗಿಸಿ ಏರಿಗೆ ಹೋದಳು. ಬುಡದ ಭತ್ತದ ಗದ್ದೆಯ ಮೊಣಕಾಲುದ್ದದ ಕೆಸರಿನಲ್ಲಿ ನಿಂತು, ಕೂಲಿಯವರ ಜೊತೆ ಸರಳು ಹಾಕಿ ಕೊಳವೆಗಳ ಹೂಳು ಕುಕ್ಕಿ ತೆಗೆದಳು. ಕೆಲವು ತೆರೆದವು, ಕೆಲವು ಮುರಿದವು. ಮುರಿದ ಕಡೆ ಅಜೀಮ ಹೊಸ ಕೊಳವೆ ಹೊಡೆಸಿದ. ಬುಡದ ಒಂದು ಕೊಳವೆಯನ್ನು ತೆರೆದಾಗ ನೀರು ಬಾಯಿಯ ಹತ್ತಿರ ಬಂದು ನಿಂತಿತು. ಒತ್ತಡ ಕಡಿಮೆಯಿದ್ದರೆ ಅದು ಅಷ್ಟು ಮೇಲೆ ಬರುತ್ತಿರಲಿಲ್ಲ. ಮೇಲಿನಿಂದ ಇಣುಕುತ್ತಿದ್ದ ಒಬ್ಬ ಹೆಂಗಸು, ತಮ್ಮ ಮನೆಯೊಳಗೆ ನೆಲ ಬೇಸಿಗೆಯಲ್ಲೂ ತೇವವಾಗಿರುತ್ತದೆ ಎಂದಳು.

ಎಲ್ಲ ಬದಿಗೂ ಒಂದೊಂದು ಮಾಹಿತಿ ಕೊಟ್ಟು, ಒಳಗಿನ ಬಿಂದುಗಳನ್ನೆಲ್ಲ ಒಟ್ಟಿಗೆ ಬಿಡಿಸಿದಾಗ ಲೆಕ್ಕ ಶಾಂತವಾಗಿ ಬಂತು. ಚೌಕ ಚಿಕ್ಕದು ಮಾಡಿದಳು, ಉತ್ತರ ಅಲುಗಾಡದೆ ನಿಂತಿತು. ಅಂಕಿಯಲ್ಲಿ ಬೇಕೆಂದೇ ಸಣ್ಣ ತಪ್ಪು ಬೆರೆಸಿದಳು, ಅದು ಒಳಗೆ ಹೋದಂತೆ ಕರಗಿಹೋಯಿತು. ಎರಡು ವರ್ಷದಲ್ಲಿ ಮೊದಲ ಸಲ ಪರದೆ ಅವಳನ್ನು ಹೆದರಿಸಲಿಲ್ಲ. ಉತ್ತರ ಮಾತ್ರ ಹೆದರಿಸಿತು: ಬುಡದ ಹತ್ತಿರ ನೀರು ಹಳೆಯ ಚಿತ್ರ ಹೇಳಿದ್ದಕ್ಕಿಂತ ಬಹಳ ರಭಸದಿಂದ ಮೇಲೇಳುತ್ತಿತ್ತು, ಮಣ್ಣನ್ನು ಹೊತ್ತೊಯ್ಯುವಷ್ಟು.

ಅವಳು ಅದನ್ನು ಅಜೀಮನಿಗೆ ಕೊಟ್ಟಳು. ಇನ್ನೊಂದು ಪ್ರತಿಯನ್ನು ವಿಶ್ವರಾಧ್ಯರಿಗೆ ಕೊಟ್ಟು, ಹಳೆಯ ಅಧ್ಯಾಯ ಸಲ್ಲಿಸುವುದಿಲ್ಲ ಎಂದಳು. ಹೊಸದನ್ನು ಬರೆಯಲು ಸಮಯವಿರಲಿಲ್ಲ. ಅವರು ಬಹಳ ಹೊತ್ತು ಪುಟ ತಿರುವಿದರು.

“ಇದು ನಾ ನೋಡಬೇಕಿತ್ತು,” ಎಂದರು. “ನಿನಗಿಂತ ಮೊದ್ಲ ನನಗ ಕಾಣಬೇಕಿತ್ತು.”

ಅವಧಿ ವಿಸ್ತರಣೆಗೆ ಅವರೇ ವಿಶ್ವವಿದ್ಯಾಲಯಕ್ಕೆ ಹೋಗಿ ಬೇಡಿಕೊಂಡರು. ಅಚ್ಚಾದ ಲೇಖನವನ್ನು ಹಿಂದಕ್ಕೆ ಪಡೆಯಲು ತಮ್ಮ ಹೆಸರಿನಲ್ಲೇ ಪತ್ರಿಕೆಗೆ ಬರೆದರು. ವಿಸ್ತರಣೆ ಸಿಗಲಿಲ್ಲ. ಪಂಚಶೀಲಾಳ ನೋಂದಣಿ ರದ್ದಾಯಿತು, ಹೊಸ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಆ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕುಳಿತು ಚಿಕ್ಕ ಮಗುವಿನಂತೆ ಅತ್ತಳು. ದೇವಕಮ್ಮ ಒಲೆ ಆರಿಸಿ ಬಂದು ಮಗಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಮುಂಗಾರಿನ ನೀರು ಬಿಡುವ ಮೊದಲು ನೀರಾವರಿಯವರು ಏರಿಯ ಬುಡದಲ್ಲಿ ಉದ್ದಕ್ಕೂ ಕಂದಕ ತೋಡಿ, ಮರಳು ಮತ್ತು ಜಲ್ಲಿ ತುಂಬಿ, ನೀರು ಮಣ್ಣನ್ನು ತರದೆ ಹರಿದುಹೋಗುವಂತೆ ಮಾಡಿದರು. ಕಾಲುವೆ ತುಂಬಿದ ದಿನ ಅಜೀಮ ಫೋನ್ ಮಾಡಿ, ತಿಳಿ ನೀರು ಬರುತ್ತಿದೆ, ಬುಡ ಗಟ್ಟಿಯಾಗಿದೆ ಎಂದ. ಪಂಚಶೀಲಾ ಆಗ ಶಹಾಪುರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಅರ್ಧ ಸಂಬಳಕ್ಕೆ ಸೇರಿದ್ದಳು. ಸರಿ ಎಂದು ಫೋನಿಟ್ಟಳು. ಊಟದ ಬಿಡುವಿನಲ್ಲಿ ಪಿಎಚ್‌ಡಿಗೆ ಹೊಸ ನೋಂದಣಿಯ ಪ್ರವೇಶ ಪರೀಕ್ಷೆಗೆ ಓದಲು ಕುಳಿತಳು. ಅಕ್ಕಪಕ್ಕದ ಉಪನ್ಯಾಸಕರು ಮಾತಾಡಿಸಿದರೂ ಅವಳಿಗೆ ಕೇಳಿಸಲಿಲ್ಲ.