ಹಿಂದೆ ಹಾಸಿದ ಚಾಪೆ

ಕಾಪುವಿನ ಎಂಟು ಶಿಕ್ಷಕಿಯರ ಸಂದರ್ಶನಗಳನ್ನು ನಾನೂ ಸಹಸಂಶೋಧಕಿ ಮಹಾಲಕ್ಷ್ಮಿಯೂ ಮಣಿಪಾಲದಲ್ಲಿ ಬೇರೆಬೇರೆಯಾಗಿ ಓದಿ, ಮಾತುಮಾತಿಗೂ ಅದರ ಸಾರ ಹೇಳುವ ಚಿಕ್ಕ ಹೆಸರು, ಅಂದರೆ ಕೋಡ್, ಬರೆದು, ಆಮೇಲೆ ಹೋಲಿಸಿದೆವು. ಒಂದು ಕಡೆ ಜಗಳವೇ ಆಯಿತು.

"ಹುಡುಗಿ ತಂಗಿಯನ್ನು ಎತ್ತಿಕೊಂಡೇ ಕ್ಲಾಸಿಗೆ ಬರುತ್ತಾಳೆ. ಹಿಂದೆ ಒಂದು ಚಾಪೆ ಹಾಸಿಟ್ಟಿದ್ದೇನೆ," ಎಂದಿದ್ದರು ಒಬ್ಬ ಶಿಕ್ಷಕಿ. ನನ್ನ ಕೋಡ್ ‘ಪಾಠಕ್ಕೆ ಅಡ್ಡಿ’. ಮಹಾಲಕ್ಷ್ಮಿಯದ್ದು ‘ಶಿಕ್ಷಕಿ ಮಾಡಿಕೊಟ್ಟ ಜಾಗ’.

"ಅಡ್ಡಿ ಅಂತ ಟೀಚರ್ ಎಲ್ಲಿ ಹೇಳಿದ್ದಾರೆ ಮಾರಾಯ್ತಿ? ಎರಡನೇ ವಾಕ್ಯ ಓದಿದ್ದೀಯಾ?"

ಮೊದಲ ವಾಕ್ಯಕ್ಕೇ ಗೆರೆ ಎಳೆದು ಮುಂದೆ ಹೋಗಿದ್ದೆ. ಆದರೂ ಸೋಲು ಒಪ್ಪಿಕೊಳ್ಳಲಿಲ್ಲ. "ನಿನಗೆ ಎಂತ ಅಷ್ಟು ಖಾತ್ರಿ?"

"ನಮ್ಮವ್ವ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಅಕ್ಕ ನನ್ನನ್ನು ಶಾಲೆಗೆ ಎತ್ತಿಕೊಂಡು ಹೋಗುತ್ತಿದ್ದಳು. ನಾನು ಅಕ್ಷರ ಕಲಿತದ್ದು ಅಂಥದ್ದೇ ಚಾಪೆಯ ಮೇಲೆ."

ನನ್ನ ಕೋಡ್ ಅಳಿಸಿದೆ. ಉಳಿದ ಏಳು ಸಂದರ್ಶನಗಳನ್ನೂ ಇಬ್ಬರೂ ಮೊದಲಿನಿಂದ ಓದಿದೆವು. ಅವರಲ್ಲಿ ಐವರು ಶಿಕ್ಷಕಿಯರು ತಮ್ಮದೇ ರೀತಿಯಲ್ಲಿ ಯಾವುದೋ ಮಗುವಿಗೆ ಎಂಥದ್ದೋ ಒಂದು ಚಾಪೆ ಹಾಸಿಯೇ ಇದ್ದರು.