ಕುಂಡದೊಳಗೆ ಕರಗದ ಚೀಲ

ಅವಳು ಬರೆದ ಸಾಲು ಓದಿದರೆ ಊರಿಗೇ ದೊಡ್ಡ ಜಿಪುಣನೂ ಜೇಬಿಗೆ ಕೈ ಹಾಕುತ್ತಿದ್ದ. ಖಾಲಿ ಡಬ್ಬದ ಮೇಲೆ ಅವಳು ನಾಲ್ಕು ಮಾತು ಗೀಚಿದರೆ ಸಾಕು, ಗಾಳಿಯನ್ನೇ ಜನ ಸಾಲುಗಟ್ಟಿ ಕೊಳ್ಳುತ್ತಿದ್ದರು. ಪ್ಯಾಕಿಂಗ್ ಚೀಲ ಮಾಡುವ ಆ ಕಾರ್ಖಾನೆಯಲ್ಲಿ ಅವಳ ಹೆಸರು ಯಾರಿಗೂ ನೆನಪಿರಲಿಲ್ಲ. ಗೇಟಿನಿಂದ ಗೋದಾಮಿನವರೆಗೆ ಎಲ್ಲರಿಗೂ ಅವಳು ‘ಘೋಷಣೆ ಮೇಡಂ’.

ಅಂಥ ಘೋಷಣೆ ಮೇಡಂ ಆವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೆವರುತ್ತಿದ್ದಳು. ಎದುರಿಗೆ ಅತ್ತೆಯ ಗುಲಾಬಿ ಕುಂಡ. ಅತ್ತೆಯ ಕೈಯಲ್ಲಿ ಮಣ್ಣು ಮೆತ್ತಿದ ಕಾಫಿಪುಡಿ ಚೀಲ.

“ನೋಡೇ, ನೀನು ಬರೆದಿದ್ದೀಯಲ್ಲ ಅಂತ ನಾಲ್ಕು ತಿಂಗಳ ಹಿಂದೆ ಹೂತಿಟ್ಟೆ. ದಿನಾ ನೀರು ಹಾಕಿದೀನಿ. ಗಿಡ ಬದಲಾಯಿಸೋಣ ಅಂತ ಅಗೆದರೆ ಇದು ಮದುವಣಗಿತ್ತಿ ಥರ ಹೊಳೀತಾ ಇದೆ!”

ಅತ್ತೆ ಸೆರಗಿನ ತುದಿಯಿಂದ ಒರೆಸಿದರು. ಎಲೆಯ ಚಿತ್ರ ಮೊದಲು ಹೊರಬಂತು, ಆಮೇಲೆ ಅವಳದೇ ಅಕ್ಷರಗಳು: ‘ನೂರಕ್ಕೆ ನೂರು ಮಣ್ಣಲ್ಲಿ ಮಣ್ಣಾಗುವ ಚೀಲ. ಭೂಮಿಯ ಗೆಳೆಯ.’ ಒಂದು ಕೊಂಬೂ ಅಳಿಸಿರಲಿಲ್ಲ. ಚೀಲದ ಜಿಪ್ಪನ್ನು ಅತ್ತೆ ಎಳೆದರು. ಹೊಸದರಂತೆ ಚರಕ್ಕೆಂದು ತೆರೆದುಕೊಂಡಿತು.

ಆ ಕಾರ್ಖಾನೆಯಲ್ಲೊಂದು ಪದ್ಧತಿ. ಮಾದರಿ ಚೀಲಗಳ ಮೊದಲ ಕಟ್ಟು ಅದರ ಮೇಲಿನ ಮಾತು ಬರೆದವರ ಮನೆಗೆ ಹೋಗಬೇಕು. ಬಳಸಿ ನೋಡಿದ ಮೇಲೆಯೇ ಅವರು ಮುದ್ರಣಕ್ಕೆ ಸಹಿ ಹಾಕಬೇಕು. ಬರೆದವರದ್ದೇ ಸಹಿ, ಬರೆದವರದ್ದೇ ಹೊಣೆ. ನಾಲ್ಕು ತಿಂಗಳಿಂದ ಆ ಕಟ್ಟು ಅವಳ ಮನೆಯಲ್ಲಿತ್ತು. ಬಳಸಿ ನೋಡಿದ್ದು ಮಾತ್ರ ಅತ್ತೆ.

ಸಹಿ ಹಾಕಬೇಕಾದದ್ದು ಇವತ್ತು. ಮಧ್ಯಾಹ್ನ ಕಾಫಿ ಕಂಪನಿಯ ಖರೀದಿ ಮುಖ್ಯಸ್ಥೆ ಬಂದು ಒಪ್ಪಿದರೆ, ಸಂಜೆಯೊಳಗೆ ಮುದ್ರಣದ ಸಿಲಿಂಡರುಗಳ ಮೇಲೆ ಆ ಸಾಲನ್ನು ಕೊರೆಯುತ್ತಾರೆ. ಆಮೇಲೆ ಅದು ಲಕ್ಷಗಟ್ಟಲೆ ಚೀಲಗಳ ಮೇಲೆ ಅಂಗಡಿ ಅಂಗಡಿ ಸುತ್ತುತ್ತದೆ. ಯಾರೋ ಒಬ್ಬರು ಗ್ರಾಹಕ ವೇದಿಕೆಯಲ್ಲಿ ದೂರು ಕೊಟ್ಟರೆ ಮೊದಲು ಹುಡುಕುವುದು ಸಹಿ ಹಾಕಿದವಳನ್ನು. ಹಾಕದಿದ್ದರೆ, ಇಷ್ಟು ದೊಡ್ಡ ಆರ್ಡರು ಕೈತಪ್ಪಿದ ಕೋಪಕ್ಕೆ ಕಾರ್ಖಾನೆಯ ಯಜಮಾನರು ಕೆಲಸದಿಂದಲೇ ಮನೆಗೆ ಕಳಿಸುತ್ತಾರೆ. ಅವಳ ಎದೆ ಹೊಡೆದುಕೊಂಡ ಸದ್ದಿಗೆ ಎದುರು ಮನೆಯ ಪಾರಿವಾಳಗಳೆಲ್ಲ ಹಾರಿಹೋದವು ಎಂದರೆ ನಂಬಬೇಕು.

“ಅತ್ತೆ, ಅದನ್ನ ಕೊಡಿ ಇಲ್ಲಿ” ಎಂದು ಕಿತ್ತುಕೊಂಡು, ಹಳೆ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿದಳು.

ಕಚೇರಿ ಸೇರಿದವಳೇ ಆ ಸಾಲಿಗೆ ಆಧಾರವಾಗಿದ್ದ ಸರ್ಟಿಫಿಕೇಟು ತೆಗೆದಳು. ಅದನ್ನು ಮೊದಲೂ ನೋಡಿದ್ದಳು. ಮೇಲಿದ್ದ ಹಸಿರು ಮುದ್ರೆ ಕಂಡ ಕೂಡಲೇ ಸಾಲು ಹೊಳೆದಿತ್ತು, ಪೂರ್ತಿ ಓದುವಷ್ಟು ವ್ಯವಧಾನ ಇರಲಿಲ್ಲ. ಈಗ ಓದಿದಳು. ಪ್ರಮಾಣಪತ್ರ ಬರೀ ಚೀಲ ಮಾಡುವ ಹಾಳೆಗೆ. ಅದೂ ಕೈಗಾರಿಕಾ ಗೊಬ್ಬರ ಘಟಕದಲ್ಲಿ, ಐವತ್ತೆಂಟು ಡಿಗ್ರಿಯ ಹತ್ತಿರದ ಶಾಖದಲ್ಲಿ. ಬಾಲ್ಕನಿಯ ಕುಂಡದ ಸುದ್ದಿಯೇ ಇಲ್ಲ.

ಹಾಳೆ ಪೂರೈಸುವವನಿಗೆ ಫೋನು ಹಚ್ಚಿದಳು. ಅವನು ನಗುತ್ತಲೇ ಹೇಳಿದ: “ಮೇಡಂ, ನಾವು ಕೊಟ್ಟಿದ್ದು ಹಾಳೆ. ಅದಕ್ಕೆ ನೀವು ಅಂಟು ಬಳಿದ್ರಿ, ಶಾಯಿ ಹಾಕಿದ್ರಿ, ಜಿಪ್ ಕೂರಿಸಿದ್ರಿ. ಆ ಜಿಪ್ ಮಾಮೂಲಿ ಪ್ಲಾಸ್ಟಿಕ್ಕು. ಪೂರ್ತಿ ಚೀಲ ಪರೀಕ್ಷೆ ಮಾಡಿಸಿದ್ರಾ?”

“ಇಲ್ಲ.”

“ಹಂಗಾದ್ರೆ ನನ್ನ ಸರ್ಟಿಫಿಕೇಟು ನಿಮ್ಮ ಚೀಲಕ್ಕೆ ಬರಲ್ಲ. ನನ್ನ ಹೆಸರು ಮಾತ್ರ ಎಳೀಬೇಡಿ, ತಾಯಿ.”

ಯಜಮಾನರ ಕೋಣೆಗೆ ಹೋಗಿ ಸರ್ಟಿಫಿಕೇಟಿನ ವಿಷಯ ಹೇಳಿದಳು. ಅವರು ಕೇಳಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಸುಳ್ಳೇನಿದೆ ಇದರಲ್ಲಿ? ಹಾಳೆ ಕರಗುತ್ತೆ ತಾನೆ? ಕೆಳಗೆ ಇರುವೆ ಗಾತ್ರದಲ್ಲಿ ‘ನಿಯಮಗಳು ಅನ್ವಯ’ ಅಂತ ಹಾಕಮ್ಮ.”

“ದೊಡ್ಡಕ್ಷರದಲ್ಲಿ ಹೇಳಿದ್ದನ್ನ ಸಣ್ಣಕ್ಷರದಲ್ಲಿ ವಾಪಸ್ ತಗೊಳ್ಳೋಕೆ ಆಗಲ್ಲ ಸಾರ್. ಮಣ್ಣಾಗುತ್ತೆ ಅಂದ್ರೆ ಜನ ಮನೆ ಮಣ್ಣು ಅಂತಲೇ ತಿಳೀತಾರೆ. ನಮ್ಮತ್ತೆ ತಿಳಿದ್ರು.”

“ನಿಮ್ಮತ್ತೆ ಒಬ್ಬರಿಗೋಸ್ಕರ ನಾನು ಕಾರ್ಖಾನೆ ಮುಚ್ಚಲಾ? ಸರಿ, ಅದು ಬೇಡ. ‘ಪರಿಸರಸ್ನೇಹಿ’ ಅಂತ ಹಾಕು. ಅದಕ್ಕೆ ಯಾರು ಪುರಾವೆ ಕೇಳ್ತಾರೆ?”

“ಅದಕ್ಕೆ ಪುರಾವೆ ಎಲ್ಲಿಂದ ತರೋದು ಅಂತಲೇ ಗೊತ್ತಾಗಲ್ಲ ಸಾರ್. ಅದು ಇನ್ನೂ ಅಪಾಯ. ಎಲೆ ಚಿತ್ರನೂ ಅದೇ ಮಾತು ಹೇಳುತ್ತೆ.”

“ಎಲೆನೂ ಬೇಡ್ವಾ!” ಯಜಮಾನರು ತಲೆಯ ಮೇಲೆ ಕೈಹೊತ್ತರು. “ಹಾಗಿದ್ರೆ ಏನು ಹೇಳ್ತೀಯ? ‘ಇದೊಂದು ಚೀಲ’ ಅಂತಲಾ?”

ಹೇಳಲು ಏನಾದರೂ ನಿಜ ಹುಡುಕಬೇಕೆಂದು ಅವಳು ಪ್ರಯೋಗಾಲಯದ ಬೆಂಚಿನ ಮುಂದೆ ಹೋಗಿ ನಿಂತಳು. ಒಂದು ಕಡೆ ಕಾಫಿ ಕಂಪನಿಗೆ ಇಷ್ಟು ವರ್ಷ ಮಾಡಿಕೊಟ್ಟ ಹಳೆ ಚೀಲ, ಇನ್ನೊಂದು ಕಡೆ ಹೊಸದು. ಎರಡೂ ತಲಾ ಕಾಲು ಕಿಲೋ ಹಿಡಿಯುವಂಥವು. ಕೈಯಲ್ಲಿ ಹಿಡಿದಾಗ ಹೊಸದು ಹಗುರ ಅನ್ನಿಸಿತು. ಅನ್ನಿಸಿದ್ದನ್ನು ಬರೆದೇ ಅಲ್ಲವೆ ಈ ಗತಿ ಬಂದದ್ದು? ಹಳೆಯ ಹತ್ತು ಚೀಲ ತೂಗಿದಳು, ಹೊಸ ಹತ್ತು ತೂಗಿದಳು, ಬೇರೆ ಬೇರೆ ಕಟ್ಟಿನಿಂದ ತೆಗೆದು ಮತ್ತೆ ತೂಗಿದಳು. ಸರಾಸರಿ ಹಳೆಯದು ಹನ್ನೊಂದು ಗ್ರಾಂ, ಹೊಸದು ಒಂಬತ್ತು. ತಕ್ಕಡಿಯ ಗಾಜಿನೊಳಗೆ ಅವಳ ಉಸಿರು ನುಗ್ಗಿ ಅಂಕಿ ಅಲ್ಲಾಡೀತೆಂದು ಬಾಯಿ ಮುಚ್ಚಿಕೊಂಡೇ ನಿಂತಿದ್ದಳು.

ಮಧ್ಯಾಹ್ನ ಖರೀದಿ ಮುಖ್ಯಸ್ಥೆ ಬಂದರು. ಅವರ ನೋಟಕ್ಕೆ ಕಬ್ಬಿಣವೂ ರಿಯಾಯಿತಿ ಕೊಡುತ್ತಿತ್ತು. ಅವಳು ಸಾಲು ಬದಲಿಸಿದ ಹೊಸ ವಿನ್ಯಾಸ ನೋಡಿ ಹುಬ್ಬೇರಿಸಿದರು.

“ಮಣ್ಣಾಗುವ ಮಾತು ಎಲ್ಲಿ ಹೋಯ್ತು?”

ಯಜಮಾನರು ಕೆಮ್ಮಿದರು. ಅವಳು ಬ್ಯಾಗು ತೆರೆದು ಪೇಪರಿನ ಸುರುಳಿ ಬಿಚ್ಚಿದಳು. ಮೇಜಿನ ಮೇಲೆ ಗುಲಾಬಿ ಕುಂಡದ ಮಣ್ಣು ಉದುರಿತು. ಯಜಮಾನರ ಮುಖ ಸುಣ್ಣದ ಗೋಡೆಯಾಯಿತು.

“ನಾಲ್ಕು ತಿಂಗಳು ನಮ್ಮನೆ ಕುಂಡದಲ್ಲಿತ್ತು. ಹೀಗಿದೆ. ತಪ್ಪು ನಂದೇ, ಹಾಳೆಯ ಸರ್ಟಿಫಿಕೇಟನ್ನ ಪೂರ್ತಿ ಚೀಲದ್ದು ಅಂತ ತಿಳಿದು ಬರೆದೆ. ಈ ಸಾಲಿಗೆ ನಾನು ಸಹಿ ಹಾಕಲ್ಲ.”

“ಬೇರೆಯವರು ಹಾಕ್ತಾರೆ. ನಿಮ್ಮ ಪಕ್ಕದ ರಸ್ತೆಯ ಕಾರ್ಖಾನೆಯವರು ನಿನ್ನೆಯೇ ‘ಭೂಮಿಯ ಮಡಿಲು’ ಅಂತ ಬರೆದು ತಂದಿದ್ರು.”

“ಜಿಪ್ ಸಮೇತ ಪೂರ್ತಿ ಚೀಲದ ಪರೀಕ್ಷಾ ವರದಿ ಅವರ ಹತ್ರ ಕೇಳಿ ಮೇಡಂ. ಕೊಟ್ಟರೆ ಆರ್ಡರೂ ಅವರಿಗೇ ಕೊಡಿ.”

ಮುಖ್ಯಸ್ಥೆ ಮಣ್ಣು ಚೀಲವನ್ನು ಎರಡು ಬೆರಳಲ್ಲಿ ಎತ್ತಿ, ಜಿಪ್ಪು ತೆರೆದು, ಮುಚ್ಚಿ, ಹೊಸ ಸಾಲು ಓದಿದರು: ‘ಈ ಖಾಲಿ ಚೀಲದ ತೂಕ, ನಮ್ಮ ಹಿಂದಿನ ಕಾಲು ಕಿಲೋ ಚೀಲಕ್ಕಿಂತ ಶೇಕಡಾ ಹದಿನೆಂಟು ಕಡಿಮೆ. ಮನೆಯ ಗೊಬ್ಬರದ ಗುಂಡಿಗೆ ಹಾಕಬೇಡಿ.’

“ಸಪ್ಪೆಯಾಗಿದೆ” ಎಂದರು.

“ಹೌದು. ಆದ್ರೆ ತೂಗಿ ತೋರಿಸ್ತೀನಿ.”

ತೋರಿಸಿದಳು. ಮುಖ್ಯಸ್ಥೆ ತಾವೇ ಆರಿಸಿದ ಚೀಲಗಳನ್ನು ತಕ್ಕಡಿಗಿಟ್ಟರು, ನಾಲ್ಕು ಸಲ. ಕೊನೆಗೆ, “ಮೊದಲು ಒಂದು ಬಗೆಯ ಪುಡಿಗೆ ಮಾತ್ರ ಹಾಕಿ ನೋಡೋಣ. ಉಳಿದದ್ದು ಆಮೇಲೆ” ಎಂದು ಹೊರಟರು. ಆರ್ಡರು ಅಂದುಕೊಂಡದ್ದರ ಕಾಲು ಭಾಗ. ಯಜಮಾನರು ಅವರನ್ನು ಬಾಗಿಲವರೆಗೆ ಬಿಟ್ಟು ಬಂದು ಮುದ್ರಣದ ಕಾಗದವನ್ನು ಅವಳ ಮುಂದೆ ಸರಿಸಿದರು. “ಸಹಿ ಹಾಕು” ಎಂದರಷ್ಟೆ. ಬೈಗುಳವೋ ಬಹುಮಾನವೋ ತಿಳಿಯಲಿಲ್ಲ. ಆದರೆ ಎಲೆಯ ಚಿತ್ರದ ಮೇಲೆ ಅಡ್ಡಗೆರೆ ಎಳೆದವರು ಅವರೇ.

ಮನೆಗೆ ಬಂದಾಗ ಅವಳ ಭುಜದಿಂದ ಒಂದು ಬೆಟ್ಟ ಇಳಿದಿತ್ತು. ಬಾಗಿಲಲ್ಲೇ ಅತ್ತೆ.

“ಚೀಲ ಏನಾಯ್ತೇ?”

“ತೆಗೆಸಿಬಿಟ್ಟೆ ಅತ್ತೆ ಆ ಮಾತನ್ನ. ಕುಂಡದಲ್ಲಿ ಅದು ಕರಗಲ್ಲ.”

“ಅಯ್ಯೋ!” ಅತ್ತೆ ಬಾಯಿಗೆ ಕೈ ಒತ್ತಿದರು. “ನನ್ನ ಸೊಸೆ ಬರೆದಿದ್ದು ಅಂತ ಹೆಮ್ಮೆಯಿಂದ ಆ ಕಟ್ಟಿನ ಚೀಲನೆಲ್ಲ ಈ ಕಟ್ಟಡದ ತುಂಬ ಹಂಚಿದೀನಲ್ಲೇ. ಮೂರನೇ ಮಹಡಿಯವರು ಕರಿಬೇವಿನ ಬುಡಕ್ಕೆ ಹಾಕಿದ್ರು. ಕೆಳಗಡೆ ಮೇಷ್ಟ್ರು ದಾಸವಾಳಕ್ಕೆ...”

ಬೆಟ್ಟ ಮತ್ತೆ ಭುಜಕ್ಕೇರಿತು. ಅವಳು ಚಪ್ಪಲಿ ಬಿಡಲೇ ಇಲ್ಲ. ಬಾಲ್ಕನಿಯಿಂದ ಅತ್ತೆಯ ಮಣ್ಣು ಅಗೆಯುವ ಸಲಿಕೆ ತಂದು, ಕೆಳಗಿಳಿದು, ಮೊದಲ ಬಾಗಿಲ ಗಂಟೆ ಒತ್ತಿದಳು.

“ಮೇಷ್ಟ್ರೇ, ಕ್ಷಮಿಸಿ. ನಾನು ಬರೆದ ಒಂದು ಸಾಲು ನಿಮ್ಮ ದಾಸವಾಳದ ಬುಡದಲ್ಲಿದೆ. ಅದನ್ನ ವಾಪಸ್ ತಗೊಳ್ಳೋಕೆ ಬಂದಿದೀನಿ.”