ಬೂದಿ ಕಾಲು ಬಡಿದದ್ದು ಯಾಕೆ

ಅಣ್ಣನಿಗೆ,

ನಿನ್ನ ಕೈಯ ಪಟ್ಟಿ ಬಿಚ್ಚುವ ಮೊದಲೇ ಈ ಪತ್ರ ತಲುಪಬೇಕು. ದೊಡ್ಡಪ್ಪನ ಮಗನೆಂಬ ಸಲಿಗೆಯನ್ನು ಬದಿಗಿಟ್ಟು ಬರೆಯುತ್ತಿದ್ದೇನೆ. ಮೊಲ ಹಿಂಗಾಲನ್ನು ನೆಲಕ್ಕೆ ಬಡಿಯುವುದು ಯಾಕೆ ಎಂದು ಈಗ ಕೇಳುತ್ತೀಯೆ. ಕೊಲ್ಲುವ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು.

ನೀನು ಗೋಣಿಚೀಲದಲ್ಲಿ ಕಳಿಸಿದ ಮೊಲಗಳನ್ನು ನಮ್ಮ ಪಶುವೈದ್ಯ ಕಾಲೇಜಿನ ಮೇಷ್ಟ್ರ ಎದುರು ನಾನೇ ಕೊಯ್ದು ನೋಡಿದೆ. ನೀನು ಊಟಕ್ಕೆ ಹೋಗಿದ್ದಾಗ ಶೆಡ್ಡಿಗೆ ನಾಯಿ ನುಗ್ಗಿತು, ನಾನು ನಿನಗೆ ಕೊಟ್ಟಿದ್ದ ಬೂದಿಬಣ್ಣದ ಮೊಲ ಬೂದಿಯೂ ಸೇರಿ ಅರ್ಧಕ್ಕರ್ಧ ಸತ್ತವು, ಕೆಲವಕ್ಕೆ ಗಾಯವೇ ಇಲ್ಲ, ರೋಗವಿರಬಹುದೇ ನೋಡು ಎಂದು ನೀನೇ ಹೇಳಿದ್ದೆ. ರೋಗವಿರಲಿಲ್ಲ. ಕೆಲವು ಮೊಲಗಳ ಪಾದಗಳನ್ನು ನಾಯಿ ಗೂಡಿನ ಕೆಳಗಿನಿಂದ, ತಂತಿಯ ಸಂದಿಯಲ್ಲೇ ಕಚ್ಚಿ ಕಿತ್ತಿತ್ತು. ಉರುಳಿದ ಗೂಡಿನವುಗಳ ಪಕ್ಕೆಲುಬು ಪುಡಿಯಾಗಿತ್ತು. ಗಾಯವಿಲ್ಲದವು ಹೆದರಿ ಗೂಡಿನೊಳಗೇ ಒದ್ದಾಡಿ ತಮ್ಮ ಬೆನ್ನುಮೂಳೆಯನ್ನು ತಾವೇ ಸೊಂಟದ ಬಳಿ ಮುರಿದುಕೊಂಡಿದ್ದವು. ಮೊಲದ ಹಿಂಗಾಲಿಗೆ ಅಷ್ಟು ಬಲ, ಮೂಳೆ ಅಷ್ಟೇ ಹಗುರ.

ಕೊನೆಗೆ ಬೂದಿಯನ್ನು ಮೇಜಿನ ಮೇಲೆ ಮಲಗಿಸಿದೆ. ಉಳಿದವು ಕೊರಡಿನಂತೆ ಸೆಟೆದಿದ್ದವು. ಇದರ ಮೈ ಮಾತ್ರ ಸಡಿಲಗೊಂಡು, ಹೊಟ್ಟೆ ಹಸಿರಾಗಿತ್ತು. ಕಿವಿಯೊಳಗೆ ಮಣ್ಣಿತ್ತು. ತಲೆಬುರುಡೆ ಮೊಟ್ಟೆಯ ಚಿಪ್ಪಿನಂತೆ ಒಳಕ್ಕೆ ಕುಸಿದಿತ್ತು. ಒಂದೇ ಒಂದು ಹಲ್ಲಿನ ಗುರುತಿರಲಿಲ್ಲ.

"ಇದು ಮೊದಲೇ ಸತ್ತಿದೆ," ಎಂದರು ಮೇಷ್ಟ್ರು. "ಹೂತಿದ್ದನ್ನ ತೆಗೆದು ಚೀಲಕ್ಕೆ ಹಾಕಿದ್ದಾರೆ. ಯಾರಮ್ಮ ಈ ಪುಣ್ಯಾತ್ಮ?"

ಕೈ ತೊಳೆದು ನಿನಗೆ ಫೋನು ಮಾಡಿದೆ. ಆ ಮಾತುಗಳನ್ನು ನೀನು ಮರೆಯಬಾರದೆಂದು ಇಲ್ಲಿ ಬರೆಯುತ್ತೇನೆ.

"ಬೂದೀನ ಕೊಂದಿದ್ದು ಯಾರು?"

"ನಾಯಿ ಅಂತ ಹೇಳಿದ್ನಲ್ಲ."

"ನಾಯಿ ಕೋಲು ಹಿಡ್ಕೊಂಡು ಬಂದಿತ್ತಾ?"

ನೀನು ಸಿಡಿದೆ.

"ಹೌದು ಕಣೇ, ನಾನೇ! ಏನೀಗ? ಹಗಲೂ ರಾತ್ರಿ ಧಬ್ ಧಬ್ ಅಂತ ಬಡಿಯೋದು. ಅದು ಬಡಿದ್ರೆ ಸಾಕು, ಉಳಿದವೆಲ್ಲ ಮೇವು ಬಿಟ್ಟು ಕಲ್ಲಾಗಿ ಕೂರೋವು. ಪೊಗರು ಇಳಿಸೋಣ ಅಂತ ಎರಡು ಬಿಟ್ಟೆ, ಹೋಯ್ತು. ಡಾಕ್ಟ್ರಮ್ಮ ಇದ್ದಿದ್ರೆ ಜೋಗುಳ ಹಾಡ್ತಿದ್ರೇನೋ!"

"ಯಾವ ಕಡೆ ಮುಖ ಮಾಡಿ ಬಡೀತಿತ್ತು?"

"ಹಿಂದಿನ ಮೂಲೆಗೆ. ಈಗ ಬಿಳಿಯದೂ ಶುರು ಹಚ್ಕೊಂಡಿದೆ, ಅದೇ ಮೂಲೆ ನೋಡ್ಕೊಂಡು. ಕೇಳು ಬೇಕಾದ್ರೆ. ಗಬ್ಬದ ಮೊಲ ಅಂತಾನೂ ನೋಡಲ್ಲ, ಇದಕ್ಕೂ ಇದೆ ಇವತ್ತು."

ಫೋನಿನಲ್ಲಿ ನನಗೂ ಕೇಳಿಸಿತು: ಹಲಗೆಯ ಮೇಲೆ ಒಂದು ಬಡಿತ, ಬಿಡುವು, ಮತ್ತೊಂದು.

"ಕೋಲು ತಗೋ," ಎಂದೆ. "ಅದಕ್ಕೆ ಹೊಡೆಯೋಕಲ್ಲ! ಹೊರಗಿಂದ ಹೋಗಿ ಆ ಮೂಲೆ ನೋಡು. ಓಡು!"

ನೀನು ಗೊಣಗುತ್ತ ಫೋನನ್ನು ಮೇವಿನ ಡಬ್ಬದ ಮೇಲಿಟ್ಟು ಹೋದೆ. ಬಳಿಕ ನಾನು ಕೇಳಿದ್ದು ತಗಡು ಕಿರುಗುಟ್ಟಿದ್ದು, ಗುರುಗುಟ್ಟುವ ಗಂಟಲು, ಕೋಲಿನ ಏಟು, ನಿನ್ನ ಕೂಗು, ಮತ್ತೆ ಏಟು, ಕುಂಯ್‌ಗುಟ್ಟುತ್ತ ದೂರವಾದ ನಾಯಿ. ಶೆಡ್ಡಿನ ತಂತಿಬಲೆಯಡಿ ತೋಡಿದ ಬಿಲದಲ್ಲಿ ಅದು ಭುಜದವರೆಗೂ ಒಳಬಂದಿತ್ತೆಂದು, ನಿನ್ನ ಮುಂಗೈಯ ಮಾಂಸ ಹರಿದು ಜೋತಾಡುತ್ತಿದೆಯೆಂದು ಆಮೇಲೆ ನೀನೇ ಅಳುತ್ತ ಹೇಳಿದೆ. ಸೋಪು ಹಾಕಿ ನಲ್ಲಿಯ ಕೆಳಗೆ ಗಾಯ ತೊಳೆ, ತಕ್ಷಣ ಆಸ್ಪತ್ರೆಗೆ ಹೋಗು ಎಂದೆ. ಹುಚ್ಚುನಾಯಿ ರೋಗದ ಸೂಜಿಗಳಲ್ಲಿ ಒಂದನ್ನೂ ತಪ್ಪಿಸಬೇಡ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಮೊಲ ಬೊಗಳಲಾರದು. ಪ್ರಾಣ ಹೋಗುವ ಭಯಕ್ಕೋ ನೋವಿಗೋ ಒಮ್ಮೆ ಚೀರೀತು, ಅಷ್ಟೆ. ಅಪಾಯದ ವಾಸನೆಯೋ ಸದ್ದೋ ತಿಳಿದಾಗ ಹಿಂಗಾಲನ್ನು ನೆಲಕ್ಕೆ ಅಪ್ಪಳಿಸುತ್ತದೆ. ಆ ಸದ್ದು ಗಾಳಿಯಲ್ಲೂ ಅದುರುವಿಕೆ ನೆಲದಲ್ಲೂ ಹರಡಿ ಸುತ್ತಲಿನ ಮೊಲಗಳನ್ನು ಎಚ್ಚರಿಸುತ್ತದೆ. ಅವು ಕಲ್ಲಾಗಿ ಕೂರುತ್ತವೆ, ಇಲ್ಲವೇ ಬಿಲಕ್ಕೆ ಓಡುತ್ತವೆ. ಸಿಟ್ಟಿಗೂ ಕಿರಿಕಿರಿಗೂ ಬಡಿಯುವುದುಂಟು. ಪ್ರತಿ ಬಡಿತಕ್ಕೂ ನಾಯಿಯೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಕಾರಣವನ್ನು ಹುಡುಕಬೇಕಾದವನು ನೀನು. ಗೂಡಿನ ಮೊಲಕ್ಕೆ ಓಡಲು ಬಿಲವಿಲ್ಲ. ಚಿಲಕ ಹಾಕಿದವನು ನೀನಾದ ಮೇಲೆ, ಆ ಎಚ್ಚರಿಕೆಯನ್ನು ಕೇಳಿ ಏನಾದರೂ ಮಾಡಬಲ್ಲವನೂ ನೀನೊಬ್ಬನೇ. ನೀನು ಮಾಡಿದ್ದು ಕಾವಲಿನವಳ ತಲೆ ಒಡೆದದ್ದು. ಸುಳ್ಳಿಗಾಗಿ ಅವಳನ್ನು ಮಣ್ಣಿನಿಂದ ಎಳೆದು ತಂದದ್ದು. ಅದನ್ನು ಅವಿವೇಕ ಎಂದು ಹಗುರ ಮಾಡಲಾರೆ. ಅದು ಅನ್ಯಾಯ. ಅವಳ ಸಾವನ್ನು ಹಸಿದ ನಾಯಿಯ ಮೇಲೆ ಹೊರಿಸಿದ್ದು ಇನ್ನೊಂದು ಅನ್ಯಾಯ.

ತಂತಿಬಲೆಯನ್ನು ಮೊಳದುದ್ದ ನೆಲದೊಳಗೆ ಹೂಳು. ಬಿಳಿಯದು ಮರಿ ಹಾಕಿದೆ, ಎಲ್ಲವೂ ಬದುಕಿವೆ ಎಂದು ಅತ್ತಿಗೆ ತಿಳಿಸಿದರು, ಸಂತೋಷ. ಆ ಕೋಲನ್ನು ಮಾತ್ರ ಅದರ ಗೂಡಿನ ಹತ್ತಿರ ಒಯ್ಯಬೇಡ. ಅದರಲ್ಲಿ ನಾಯಿಯ ರಕ್ತವಿದೆ, ಬೂದಿಯ ರಕ್ತವೂ ಇದೆ. ಬಿಳಿಯದು ಮತ್ತೆ ಕಾಲು ಬಡಿದರೆ, ಈ ಸಲ ಅದು ನೋಡುತ್ತಿರುವುದು ನಿನ್ನನ್ನೇ ಇರಬಹುದು.

ನಿನ್ನ ತಂಗಿ